ಡೆಲಿವರಿ ತಪ್ಪಿದ್ದಕ್ಕೆ ಗ್ರಾಹಕರಿಗೆ ಕ್ಷಮಾಪಣೆಯ ಮೇಲ್: ಬರೆದವರು ಅನುಭವ ತಿಳಿಸಿ

ಇಳಕಲ್ ಸೀರೆ ಅಂಗಡಿ: ಬೆಂಗಳೂರಿನ ಗ್ರಾಹಕರೊಬ್ಬರು ಗೌರಿ ಹಬ್ಬಕ್ಕೆಂದು ಪೂರ್ತಿ ಹಣ ಕೊಟ್ಟು ಎರಡು ಸೀರೆ ತರಿಸಿದ್ದರು. ಹೊಸ ವಿಳಾಸವನ್ನು ಮೇಲ್‌ನಲ್ಲಿ ತಿಳಿಸಿದ್ದರೂ ನಮ್ಮ ಹುಡುಗ ಹಳೆಯ ವಿಳಾಸದ ಚೀಟಿಯನ್ನೇ ಅಂಟಿಸಿದ. ಹಬ್ಬ ಮುಗಿದಿದೆ, ಪಾರ್ಸೆಲ್ ಹಿಂದಕ್ಕೆ ಬರುತ್ತಿದೆ. ಮೇಲ್‌ನಲ್ಲಿ ತಪ್ಪನ್ನು ಎಷ್ಟು ಬಿಚ್ಚಿ ಹೇಳಬೇಕು? ಸರಿಪಡಿಸುತ್ತೇವೆ ಎಂಬುದನ್ನು ಹೇಗೆ ಬರೆಯಬೇಕು?

ಪೀಣ್ಯ ಬಿಡಿಭಾಗ: ಪೂರ್ತಿ ಬಿಚ್ಚಿ ಹೇಳಿ. ನಮ್ಮ ಕಚೇರಿ ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ 1,80,000 ರೂಪಾಯಿಯ ಬೇರಿಂಗ್ ಕಳುಹಿಸಿತ್ತು. ಕಬ್ಬು ಅರೆಯುವ ಹಂಗಾಮು, ಒಂದೊಂದು ಗಂಟೆಯೂ ಅವರಿಗೆ ದುಬಾರಿ. ಹುಬ್ಬಳ್ಳಿಯಲ್ಲಿ ಸಾಗಣೆದಾರರು ಸರಕನ್ನು ಬೇರೆ ಲಾರಿಗೆ ಹೇರಿದರು. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ದಾಖಲೆ ಇ-ವೇ ಬಿಲ್. ಅದರಲ್ಲಿ ವಾಹನದ ವಿವರಕ್ಕಿರುವ ಬಿ ಭಾಗದಲ್ಲಿ ಆ ಲಾರಿಯ ಸಂಖ್ಯೆಯನ್ನು ಯಾರೂ ತುಂಬಲಿಲ್ಲ. ತಪಾಸಣೆಯಲ್ಲಿ ಲಾರಿ ನಿಂತಿತು. ಶೇ. 18ರ ಲೆಕ್ಕದಲ್ಲಿ ತೆರಿಗೆ 32,400. ಮಾಲು ಬಿಡಿಸಿಕೊಳ್ಳಲು ಅದರ ಎರಡರಷ್ಟು ದಂಡ, ಅಂದರೆ 64,800 ರೂಪಾಯಿ ಕಟ್ಟಿದೆವು. ಲಾರಿ ನಿಂತ ಬಾಡಿಗೆ ಬೇರೆ.

ಆ ದಿನ ನಮ್ಮ ವ್ಯವಸ್ಥಾಪಕರು ಕಳುಹಿಸಿದ್ದು ಒಂದೇ ಸಾಲು: ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ, ವಿಷಾದಿಸುತ್ತೇವೆ.’ ಕಾರ್ಖಾನೆಯ ಉಗ್ರಾಣದ ಅಧಿಕಾರಿ ಫೋನ್ ಮಾಡಿ ಕೂಗಾಡಿದರು. ಅವರ ಸಿಟ್ಟು ವಿಳಂಬಕ್ಕಲ್ಲ. ಮಾಲು ನಾಳೆ ಬರುತ್ತದೆಯೋ ಮುಂದಿನ ವಾರವೋ ತಿಳಿಯದೆ, ಕಾಯಬೇಕೋ ಬೆಳಗಾವಿಯಲ್ಲಿ ಕೊಳ್ಳಬೇಕೋ ಎಂದು ಅವರಿಗೆ ತೀರ್ಮಾನಿಸಲಾಗಲಿಲ್ಲ. ಕಾರಣ ಬಚ್ಚಿಟ್ಟರೆ ಗ್ರಾಹಕನ ಕೈ ಕಟ್ಟಿದಂತೆ ಎಂದು ನನಗೆ ಅರ್ಥವಾದದ್ದು ಆಗಲೇ. ಎರಡನೆಯ ಮೇಲ್ ನಾನೇ ಬರೆದೆ:

‘ನಿಮ್ಮ ಬೇರಿಂಗ್‌ಗಳು ಇಂದು ತಲುಪಲಿಲ್ಲ. ಹುಬ್ಬಳ್ಳಿಯಲ್ಲಿ ಲಾರಿ ಬದಲಾದಾಗ ಹೊಸ ವಾಹನ ಸಂಖ್ಯೆ ಇ-ವೇ ಬಿಲ್ಲಿಗೆ ಸೇರಿದೆಯೇ ಎಂದು ನಾವು ನೋಡಲಿಲ್ಲ. ಈ ತಪ್ಪು ನಮ್ಮದು, ಕ್ಷಮಿಸಿ. ಸರಕು ಈಗ ತಪಾಸಣಾ ಅಧಿಕಾರಿಗಳ ವಶದಲ್ಲಿದೆ, ಹಾಳಾಗಿಲ್ಲ. ದಂಡ ಕಟ್ಟಿದ್ದೇವೆ. ಬಿಡುಗಡೆಯ ಆದೇಶ ಕೈಗೆ ಬಂದೊಡನೆ ಪ್ರತಿಯನ್ನು ಕಳುಹಿಸುತ್ತೇವೆ. ಅಷ್ಟರಲ್ಲಿ ಬೇರೆಡೆ ಕೊಳ್ಳುವುದಾದರೆ ಈ ಆದೇಶವನ್ನು ಶುಲ್ಕವಿಲ್ಲದೆ ರದ್ದುಪಡಿಸುತ್ತೇವೆ. ಇನ್ನು ಮುಂದೆ ಲಾರಿ ಬದಲಾಗುವ ಪ್ರತಿ ಸರಕಿನ ಇ-ವೇ ಬಿಲ್ಲನ್ನು ರವಾನೆ ವಿಭಾಗ ಸಂಜೆ ತೆರೆದು ನೋಡಿ, ಅದರ ಪ್ರತಿಯನ್ನು ನಿಮಗೂ ಕಳುಹಿಸುತ್ತದೆ.’

ಕೊನೆಯ ವಾಕ್ಯವನ್ನು ಗಮನಿಸಿ. ‘ಇನ್ನು ಎಚ್ಚರ ವಹಿಸುತ್ತೇವೆ’ ಎಂದರೆ ಅದನ್ನು ಯಾರೂ ಪರೀಕ್ಷಿಸಲಾರರು. ಸಂಜೆಯ ಪ್ರತಿ ಬರದಿದ್ದರೆ ಗ್ರಾಹಕನಿಗೆ ಗೊತ್ತಾಗುತ್ತದೆ. ಆ ಕಾರ್ಖಾನೆ ಇಂದಿಗೂ ನಮ್ಮ ಗ್ರಾಹಕ.

ಲೆಕ್ಕಿಗ, ದಾವಣಗೆರೆ: ‘ತಪ್ಪು ನಮ್ಮದು’ ಎಂದು ಮಾತ್ರ ಬರೆಯಬೇಡಿ. ಮೇಲ್ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ. ನಮ್ಮ ಮಾಲೀಕರು ಹಾಗೆ ಬರೆದು, ಗ್ರಾಹಕ ಆಯೋಗದಲ್ಲಿ ಅದೇ ಕಾಗದವನ್ನು ಎದುರಿನವರು ಹಾಜರುಪಡಿಸಿದರು. ಪರಿಹಾರ, ಖರ್ಚು, ವಕೀಲರ ಶುಲ್ಕ ಎಲ್ಲ ಸೇರಿ ಮಾಲಿನ ಬೆಲೆಯನ್ನೂ ಮೀರಿತು. ಆನ್‌ಲೈನ್ ಮಾರಾಟವಾದರೆ 48 ಗಂಟೆಯಲ್ಲಿ ದೂರನ್ನು ಬಗೆಹರಿಸಲೇಬೇಕು ಎಂಬ ನಿಯಮವೂ ಇದೆ. ಚುಟುಕಾಗಿ ವಿಷಾದ ತಿಳಿಸಿ, ಸುಮ್ಮನಿರಿ.

ಪೀಣ್ಯ ಬಿಡಿಭಾಗ: ಅರ್ಧ ನಿಜವನ್ನು ಪೂರ್ತಿ ಎಂಬಂತೆ ಹೇಳಬೇಡಿ ಸ್ವಾಮಿ. 2020ರ ಇ-ಕಾಮರ್ಸ್ ನಿಯಮಗಳಲ್ಲಿ 48 ಗಂಟೆ ಇರುವುದು ದೂರು ತಲುಪಿತೆಂದು ಒಪ್ಪಿಕೊಳ್ಳುವುದಕ್ಕೆ. ಬಗೆಹರಿಸಲು ಒಂದು ತಿಂಗಳ ಅವಧಿ ಇದೆ. ಮೇಲ್ ಸಾಕ್ಷಿಯಾಗುತ್ತದೆ ಎಂಬುದು ಸರಿ. ಆದರೆ ಇಲ್ಲಿ ಹೊಸ ವಿಳಾಸ ತಿಳಿಸಿದ ಮೇಲ್ ಗ್ರಾಹಕರ ಬಳಿಯೇ ಇದೆ, ಹಳೆಯ ವಿಳಾಸದ ಚೀಟಿ ಪಾರ್ಸೆಲ್ ಮೇಲೆಯೇ ಇದೆ. ಇವರು ಸುಮ್ಮನಿದ್ದರೆ ಯಾವ ಸಾಕ್ಷಿ ಅಳಿಸಿಹೋಗುತ್ತದೆ?

ಲೆಕ್ಕಿಗ, ದಾವಣಗೆರೆ: ದಂಡ ಕಟ್ಟಿದ ಮೇಲೂ ಗ್ರಾಹಕ ಉಳಿದರೆಂಬುದು ನಿಮ್ಮ ಅದೃಷ್ಟ. ಆಯೋಗದ ಬಾಗಿಲಿನಲ್ಲಿ ಕಾದು ನಿಂತವನು ನಾನು. ಚೀಟಿ ತಪ್ಪಾಗಿದೆ ಎಂಬುದು ಬೇರೆ, ಅದಕ್ಕೆ ಹೊಣೆ ಹೊತ್ತು ಸಹಿ ಹಾಕುವುದು ಬೇರೆ.

ಕಾಫಿಪುಡಿ, ಚಿಕ್ಕಮಗಳೂರು: ನನ್ನ ಕಥೆ ಇನ್ನೊಂದು ಬಗೆಯದು. ಮುಂಬೈಯ ಕನ್ನಡದವರೊಬ್ಬರು ಗೃಹಪ್ರವೇಶಕ್ಕೆ 5 ಕಿಲೋ ಪುಡಿ ಕೇಳಿದ್ದರು, ಪುಡಿ ಕೈಗೆ ಸೇರಿದಾಗ ಹಣ ಕೊಡುವ ಒಪ್ಪಂದ. ಕೊರಿಯರ್‌ನವರು ಮನೆಗೆ ಹೋಗದೆಯೇ ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ನಮೂದಿಸಿದರು. ಸಮಾರಂಭ ಮುಗಿದ ಮೇಲೆ ಪಾರ್ಸೆಲ್ ಹೋಯಿತು, ಅವರು ತೆಗೆದುಕೊಳ್ಳಲಿಲ್ಲ. ಹೋಗುವ ಕೂಲಿ 310, ಹಿಂದಿರುಗುವ ಕೂಲಿ 280, ಪೆಟ್ಟಿಗೆ ಮತ್ತು ಟೇಪಿಗೆ 45. ಅವರು ಹೇಳಿದ ಪ್ರಮಾಣದಲ್ಲಿ ಚಿಕೋರಿ ಬೆರೆಸಿದ್ದ ಪುಡಿ ವಾಪಸು ಬರುವಷ್ಟರಲ್ಲಿ ಘಮ ಕಳೆದುಕೊಂಡಿತ್ತು. ಅದನ್ನು ಇನ್ನೊಬ್ಬರಿಗೆ ಮಾರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಕೊರಿಯರ್‌ನವರ ತಪ್ಪನ್ನು ವಿವರಿಸಿ ಉದ್ದದ ಮೇಲ್ ಬರೆದೆ, ಅವರ ದಾಖಲೆಯ ಚಿತ್ರವನ್ನೂ ಲಗತ್ತಿಸಿದೆ. ಬಂದ ಉತ್ತರ: ‘ನಾನು ಪುಡಿ ಕೇಳಿದ್ದು ನಿಮ್ಮನ್ನು, ಅವರನ್ನಲ್ಲ.’ ಮುಂದಿನ ಖರೀದಿಗೆ ರಿಯಾಯಿತಿ ಎಂದೂ ಬರೆದಿದ್ದೆ, ಅದು ಅವರನ್ನು ಇನ್ನಷ್ಟು ಕೆರಳಿಸಿತು. ಆದರೂ ನಿಜವಾಗಿ ತಪ್ಪು ಮಾಡಿದವರ ಹೆಸರು ಹೇಳಬಾರದು ಎಂಬ ನ್ಯಾಯ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್: ಎಲ್ಲರೂ ಸಾಗಣೆಯವರನ್ನೇ ದೂರುತ್ತಿದ್ದೀರಿ. ಪೀಣ್ಯದ ಸಾಹೇಬರೇ, ಬಿ ಭಾಗವನ್ನು ಬಿಲ್ ಮಾಡಿದವರೂ ತುಂಬಬಹುದು, ನಾವೂ ತುಂಬಬಹುದು. ನಿಮ್ಮ ಕಚೇರಿ ಸಾಗಣೆದಾರರ ಐಡಿ ಕೊಟ್ಟಿತ್ತೇ? ಅದಿಲ್ಲದೆ ನಮ್ಮ ಗುಮಾಸ್ತ ಏನು ತುಂಬಬೇಕು? ಕೊನೆಗೆ ಬಾಡಿಗೆಯಲ್ಲಿ ಕಡಿತ ಬೀಳುವುದು ನಮಗೆ.

ಪೀಣ್ಯ ಬಿಡಿಭಾಗ: ಕೊಟ್ಟಿದ್ದೆವು. ನಿಮ್ಮ ಊರಿನ ಗೋದಾಮಿನಲ್ಲಿಯೇ ಅದು ನಿರ್ಲಕ್ಷ್ಯಕ್ಕೊಳಗಾಯಿತು. ಆದರೂ ಗ್ರಾಹಕರಿಗೆ ಬರೆದ ಮೇಲ್‌ನಲ್ಲಿ ಸಾಗಣೆದಾರರ ಹೆಸರು ಎತ್ತಲಿಲ್ಲ. ನಮ್ಮ ನಿಮ್ಮ ಜಗಳ ನಮ್ಮ ನಿಮ್ಮ ನಡುವಿನದು.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್: ಹೆಸರು ಎತ್ತಲಿಲ್ಲ ಎನ್ನುತ್ತೀರಿ, ಇಲ್ಲಿ ಊರಿನ ಹೆಸರನ್ನೇ ಎತ್ತಿದಿರಿ.

ಗೃಹಿಣಿ, ಮೈಸೂರು: ನನ್ನ ಮಿಕ್ಸಿ ಬರಲೇ ಇಲ್ಲ, ಮೇಲ್ ಮಾತ್ರ ಬಂತು. ‘ನಿಮಗಾದ ಅನಾನುಕೂಲಕ್ಕೆ ಕ್ಷಮಿಸಿ’ ಎಂಬುದನ್ನೇ ನಾಲ್ಕೂ ಮೇಲ್‌ನಲ್ಲಿ ಬರೆದಿದ್ದರು. ಹಣ ಯಾವ ದಿನ ಬರುತ್ತದೆ ಎಂದು ಒಂದರಲ್ಲೂ ಇರಲಿಲ್ಲ. ಇಂಥವರ ಮೇಲೆ ಎಲ್ಲಿ ದೂರು ಕೊಡಬೇಕು?

ಲೆಕ್ಕಿಗ, ದಾವಣಗೆರೆ: 1915ಕ್ಕೆ ಕರೆ ಮಾಡಿ ಮೇಡಂ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆ ಮೇಲ್‌ಗಳನ್ನು ಅಳಿಸಬೇಡಿ.

ಕಾಫಿಪುಡಿ, ಚಿಕ್ಕಮಗಳೂರು: ನೋಡಿ, ಗ್ರಾಹಕರಿಗೆ ಮೇಲ್ ಉಳಿಸಿಕೊಳ್ಳಿ ಎನ್ನುತ್ತೀರಿ, ಮಾರುವವರಿಗೆ ಬರೆಯಬೇಡಿ ಎನ್ನುತ್ತೀರಿ!

ಲೆಕ್ಕಿಗ, ದಾವಣಗೆರೆ: ಇಬ್ಬರಿಗೂ ಅವರವರ ಹಿತವನ್ನೇ ಹೇಳಿದ್ದೇನೆ.

ಇಳಕಲ್ ಸೀರೆ ಅಂಗಡಿ: ಎಲ್ಲರಿಗೂ ವಂದನೆ. ಹೀಗೆ ಬರೆದಿದ್ದೇನೆ: ‘ನೀವು ತಿಳಿಸಿದ ಹೊಸ ವಿಳಾಸವನ್ನು ನಮ್ಮ ಆದೇಶ ಪುಸ್ತಕದಲ್ಲಿ ತಿದ್ದದೆ, ಹಳೆಯ ವಿಳಾಸಕ್ಕೆ ಸೀರೆ ಕಳುಹಿಸಿದೆವು. ಇದರಿಂದ ಹಬ್ಬಕ್ಕೆ ನಿಮಗೆ ಸೀರೆ ಸಿಗಲಿಲ್ಲ. ಕ್ಷಮಿಸಿ. ಇನ್ನು ಚೀಟಿ ಅಂಟಿಸುವ ಮೊದಲು ಅದರ ಚಿತ್ರವನ್ನು ನಿಮಗೆ ಕಳುಹಿಸಿ, ಒಪ್ಪಿಗೆ ಬಂದ ಮೇಲೆಯೇ ರವಾನಿಸುತ್ತೇವೆ.’ ಹುಡುಗನ ಹೆಸರು ಹಾಕಿಲ್ಲ. ಒಂದು ತೊಡಕು ಉಳಿದಿದೆ. ಅದೇ ಬಣ್ಣದ ಟೋಪೆ ಸೆರಗಿನ ಸೀರೆ ಸದ್ಯ ಮಗ್ಗದ ಮೇಲಿಲ್ಲ.

ಪೀಣ್ಯ ಬಿಡಿಭಾಗ: ಹಾಗಿದ್ದರೆ ಬದಲಿ ಸೀರೆಯ ಮಾತು ಎತ್ತಬೇಡಿ. ಪಾರ್ಸೆಲ್ ಹಿಂದಿರುಗುವುದನ್ನು ಕಾಯದೆ, ಹಣ ವಾಪಸು ಬೇಕೋ, ಅದೇ ಸೀರೆ ಬಂದಮೇಲೆ ಬೇಕೋ ಎಂದು ಕೇಳಿ. ಹಣ ಎಂದರೆ ಯಾವ ದಿನ ಹಾಕುತ್ತೀರೆಂದು ತಾರೀಖು ಬರೆಯಿರಿ. ಮೈಸೂರಿನ ಮೇಡಂ ಕೇಳುತ್ತಿರುವುದೂ ಅದನ್ನೇ.

ಕಾಫಿಪುಡಿ, ಚಿಕ್ಕಮಗಳೂರು: ರಿಯಾಯಿತಿಯ ಮಾತನ್ನಂತೂ ಈ ಮೇಲ್‌ನಲ್ಲಿ ಸೇರಿಸಬೇಡಿ. ಎರಡೂ ಕಡೆಯ ಕೂಲಿಯನ್ನು ನೀವೇ ಭರಿಸುತ್ತೀರೆಂದು ಬರೆಯಿರಿ.