ಅಪ್‌ಡೇಟ್: ಸ್ಪೀಕರ್‌ಗೆ ವೈ-ಫೈ ಸಿಕ್ಕಿತು, ಅಡ್ಡಿಯಾಗಿದ್ದು ಚಾನೆಲ್ 13

ನಾನು ಕೇಳಿದ್ದು: "ಫೋನ್‌ನಲ್ಲಿ ವೈ-ಫೈ ಚೆನ್ನಾಗೇ ಬರುತ್ತಿದೆ. ಆದರೆ ಸ್ಮಾರ್ಟ್ ಸ್ಪೀಕರ್ ಸೆಟಪ್ ಮಾಡುವಾಗ ಪಟ್ಟಿಯಲ್ಲಿ ನಮ್ಮ ವೈ-ಫೈ ಹೆಸರೇ ಇಲ್ಲ. ಯಾಕೆ?"

ಸರಿಹೋಯಿತು. ನನ್ನ ಸ್ಪೀಕರ್ ಸೆಟಪ್ ಆಗುವಾಗ ಆ್ಯಪ್ ತೋರಿಸುವ ಪಟ್ಟಿ ಫೋನ್ ಹುಡುಕಿದ್ದಲ್ಲ, ಸ್ಪೀಕರ್ ಹುಡುಕಿದ್ದು. ಹಾಗಾಗಿ ಫೋನ್‌ಗೆ ಸಿಗ್ನಲ್ ಎಷ್ಟು ಜೋರಾಗಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ.

ಪಕ್ಕದ ಮನೆಗಳ ವೈ-ಫೈ ಪಟ್ಟಿಯಲ್ಲಿತ್ತು, ನಮ್ಮದು ಮಾತ್ರ ಇರಲಿಲ್ಲ. ಅಂದರೆ ಸ್ಪೀಕರ್ ಕೆಟ್ಟಿಲ್ಲ ಅಂತಾಯಿತು, ಅಲ್ವಾ? ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಮಾಡೆಲ್. ರೂಟರ್‌ನಲ್ಲಿ 2.4 ಆನ್ ಇತ್ತು, ಆದರೆ ಚಾನೆಲ್ ಆಟೋದಲ್ಲಿದ್ದು 13ಕ್ಕೆ ಹೋಗಿ ಕೂತಿತ್ತು. ಕೆಲವು ಸಾಧನಗಳು 1ರಿಂದ 11ರವರೆಗಿನ ಚಾನೆಲ್ ಮಾತ್ರ ನೋಡುತ್ತವೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಆರಾಮಾಗಿತ್ತು, ಅದಕ್ಕೇ ಗೊತ್ತಾಗಲಿಲ್ಲ.

ರೂಟರ್ ಸೆಟ್ಟಿಂಗ್ಸ್‌ನಲ್ಲಿ 2.4ರ ಚಾನೆಲ್ ಅನ್ನು 6 ಮಾಡಿ ಸೇವ್ ಕೊಟ್ಟೆ. ಆ್ಯಪ್‌ನಲ್ಲಿ ಮತ್ತೆ ಹುಡುಕಿಸಿದಾಗ ಹೆಸರು ಬಂತು. ಸೆಟಪ್ ಮುಗಿಯಿತು ಅಂತ ಚಾನೆಲ್ ವಾಪಸ್ ಆಟೋಗೆ ಹಾಕಬೇಡಿ. ರೂಟರ್ ಮತ್ತೆ 12ಕ್ಕೋ 13ಕ್ಕೋ ಹಾರಿದರೆ ಸ್ಪೀಕರ್ ಸುಮ್ನೆ ಆಫ್‌ಲೈನ್ ಆಗುತ್ತದೆ.

ಪಟ್ಟಿಯಲ್ಲಿ ಹೆಸರು ಕಂಡೂ ಕನೆಕ್ಟ್ ಆಗದಿದ್ದರೆ ಅದು ಬೇರೆ ಕಥೆ. ಆಗ ಪಾಸ್‌ವರ್ಡ್ ನೋಡಿ, ಇಲ್ಲವೇ ರೂಟರ್‌ನ ಸೆಕ್ಯುರಿಟಿ ಸೆಟ್ಟಿಂಗ್ ಬರೀ WPA3ರಲ್ಲಿದೆಯಾ ನೋಡಿ.