60% ಸಾಲದ ಫ್ರೀಜಿಂಗ್ ಘಟಕಕ್ಕೆ ಯಾವ ಬೀಟಾ?

ಕಾರವಾರದಿಂದ ಕೇಳಿದ್ದು: ಬೈತಖೋಲ ಬಂದರಿನ ಹತ್ತಿರ ನಾವು ಮೂವರು ಸೇರಿ ಮೀನು ಫ್ರೀಜಿಂಗ್ ಘಟಕ ಹಾಕಬೇಕೆಂದಿದ್ದೇವೆ. ಒಟ್ಟು 12 ಕೋಟಿ, ಅದರಲ್ಲಿ 7.2 ಕೋಟಿ ಟರ್ಮ್ ಲೋನ್. ಹೋಲಿಕೆಗೆ ಸಿಕ್ಕಿದ್ದು ಒಂದು ಸಿಗಡಿ ರಫ್ತು ಕಂಪನಿ: ಬೀಟಾ 1.15, ಮಾರ್ಕೆಟ್ ಕ್ಯಾಪ್ 800 ಕೋಟಿ, ಸಾಲ 200 ಕೋಟಿ. ಟ್ಯಾಕ್ಸ್ 25.17% ಹಿಡಿದು ಅನ್‌ಲೆವರ್ ಮಾಡಿದರೆ 0.97. ನಮ್ಮ 60% ಸಾಲಕ್ಕೆ ರಿಲೆವರ್ ಮಾಡಿದಾಗ ನನಗೆ 1.41 ಬಂತು, ಸಿಎ ಓದುತ್ತಿರುವ ತಂಗಿಗೆ 2.06. ಇಂಥ ಲೆಕ್ಕ ಮಾಡಿದವರು ಯಾವುದು ಸರಿ ಹೇಳಿ.

ಕುಮಟಾದಿಂದ: ಬ್ಯಾಂಕಿನವರು ಬೀಟಾ ಕೇಳೋದೇ ಇಲ್ಲ ಮಾರಾಯ್ರೆ. ನಾನು ಐಸ್ ಪ್ಲಾಂಟ್ ಹಾಕಿದಾಗ ಕೇಳಿದ್ದು ಡಿಎಸ್‌ಸಿಆರ್ ಎಷ್ಟು, ಜಾಮೀನಿಗೆ ಯಾವ ಜಾಗ, ಇಷ್ಟೇ. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ಬಂದ್ ಇದ್ದಾಗ ಕಂತು ಹೇಗೆ ಕಟ್ಟುತ್ತೀರಿ ಅಂತ ಮೂರು ಸಲ ಕೇಳಿದ್ರು. ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಕಾರವಾರದಿಂದ: ಲೋನ್ ಮಂಜೂರಾಗಿದೆ ಅಣ್ಣ. ಇದು ನಾವು ಮೂವರು ನಮ್ಮ 4.8 ಕೋಟಿ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸಲಿಕ್ಕೆ.

ಶಿರಸಿಯಿಂದ: ತಂಗಿಯ ಲೆಕ್ಕ ಸರಿ. ಹದಿನೈದು ವರ್ಷ ಮುಂಬೈಯಲ್ಲಿ ಪ್ರಾಜೆಕ್ಟ್ ಫೈನಾನ್ಸ್‌ನಲ್ಲಿದ್ದೆ, ಈಗ ತೋಟ ನೋಡಿಕೊಂಡಿದ್ದೇನೆ. ಈ ತಪ್ಪನ್ನು ಎಷ್ಟು ಫೈಲುಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ.

```
βu = βe / (1 + (1 − t) × D/E)
βe = βu × (1 + (1 − t) × D/E)
```

ಕಂಪನಿಗೆ ನೀವು ಹಾಕಿದ್ದು 200 ಭಾಗಿಸು 800, ಅಂದರೆ 0.25. ಅದು ಸಾಲಕ್ಕೂ ಸ್ವಂತ ಬಂಡವಾಳಕ್ಕೂ ಇರುವ ಅನುಪಾತ, ಸರಿಯಾಗಿದೆ. ನಿಮ್ಮದಕ್ಕೆ ಮಾತ್ರ ಮಂಜೂರಾತಿ ಪತ್ರದಲ್ಲಿದ್ದ 60% ತೆಗೆದು 0.6 ಅಂತ ಕೂರಿಸಿದಿರಿ. ಅದು ಒಟ್ಟು ವೆಚ್ಚದಲ್ಲಿ ಸಾಲದ ಪಾಲು. ಇಲ್ಲಿ ಬೇಕಾದ್ದು 7.2 ಭಾಗಿಸು 4.8, ಅಂದರೆ 1.5. ಆಗ 0.97 × 2.122 = 2.06. ಸರಕಾರಿ ಬಾಂಡ್ 7%, ಮಾರುಕಟ್ಟೆಯ ಹೆಚ್ಚುವರಿ ಪ್ರತಿಫಲ 6% ಅಂತ ಹಿಡಿದರೆ, ನೀವು ನಿಮ್ಮ ದುಡ್ಡಿಗೆ ಬಯಸಬೇಕಾದ ಪ್ರತಿಫಲ 15.5% ಅಲ್ಲ, 19.4%. ಸಾಲ ಕಡಿಮೆಯಿದ್ದರೆ ಎರಡು ಅನುಪಾತಗಳೂ ಹತ್ತಿರ ಹತ್ತಿರ ಇರುತ್ತವೆ, 0.2 ಮತ್ತು 0.25 ಹಾಗೆ. ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. 60% ದಾಟಿದ ಮೇಲೆ ಅಂತರ ಬಾಯಿ ಬಿಡುತ್ತದೆ.

ಪರೀಕ್ಷೆಗೆ ಒಂದು ದಾರಿ ಹೇಳುತ್ತೇನೆ. ರಿಲೆವರ್ ಮಾಡದೆ ಕಂಪನಿಯ 1.15 ಅನ್ನೇ ಹಾಕಿ ನೋಡಿ. ಸ್ವಂತ ಬಂಡವಾಳಕ್ಕೆ 13.9%, ಸಾಲಕ್ಕೆ 10%, ಟ್ಯಾಕ್ಸ್ ಉಳಿತಾಯ ಕಳೆದು ಸರಾಸರಿ ತೆಗೆದರೆ ಇಡೀ ಘಟಕದ ದರ ಸುಮಾರು 10.05% ಬರುತ್ತದೆ. ಜಾಗ ಒತ್ತೆ ಇಟ್ಟುಕೊಂಡು ಕೊಡುವ ಬ್ಯಾಂಕೇ 10 ಕೇಳುವಾಗ, ಮೀನು ಬರುತ್ತದೋ ಇಲ್ಲವೋ ಎಂಬ ಇಡೀ ವ್ಯವಹಾರಕ್ಕೆ 10.05 ಸಾಕೆಂದರೆ ಎಲ್ಲೋ ಕೈ ತಪ್ಪಿದೆ ಎಂದೇ ಅರ್ಥ.

ಅಂಕೋಲಾದಿಂದ: ಒಂದೇ ಕಂಪನಿ ನೆಚ್ಚಿಕೊಳ್ಳಬೇಡಿ. ನಾನು ಐದು ಕಂಪನಿಗಳ ಬೀಟಾ ಕೂಡಿಸಿ ಸರಾಸರಿ ತೆಗೆದು, ಆಮೇಲೆ ಒಟ್ಟಿಗೆ ಅನ್‌ಲೆವರ್ ಮಾಡ್ತೇನೆ. ಇನ್ನೊಂದು, ಮಾರ್ಕೆಟ್ ಕ್ಯಾಪ್ ದಿನಾ ಏರಿಳಿಯುತ್ತೆ. ಬ್ಯಾಲೆನ್ಸ್ ಶೀಟಿನ ಬಂಡವಾಳ ತಗೊಳ್ಳೋದೇ ಭದ್ರ.

ಶಿರಸಿಯಿಂದ: ಐದು ಕಂಪನಿ ಅನ್ನೋದನ್ನು ಒಪ್ಪುತ್ತೇನೆ, ಉಳಿದೆರಡನ್ನು ಇಲ್ಲ. ಒಂದರ ಅನುಪಾತ 0.1, ಇನ್ನೊಂದರದು 1 ಇರಬಹುದು. ಕೂಡಿಸಿದ ಮೇಲೆ ಯಾರ ಸಾಲವನ್ನು ಕಳೆಯುತ್ತೀರಿ? ಒಂದೊಂದನ್ನೂ ಅದರದೇ ಸಾಲ, ಅದರದೇ ಟ್ಯಾಕ್ಸ್ ಹಿಡಿದು ಅನ್‌ಲೆವರ್ ಮಾಡಿ, ಬಂದ ಐದು ಅಂಕೆಗಳಲ್ಲಿ ನಡುವಿನದನ್ನು ತೆಗೆದುಕೊಳ್ಳಿ.

ಬ್ಯಾಲೆನ್ಸ್ ಶೀಟಿನ ಮಾತು. ಬೀಟಾ ಹುಟ್ಟಿದ್ದೇ ಶೇರಿನ ಬೆಲೆಯ ಏರಿಳಿತದಿಂದ. ಅದನ್ನು ಬಿಡಿಸುವ ಅನುಪಾತವೂ ಅದೇ ಬೆಲೆಯದಾಗಿರಬೇಕು. ಈ ಕಂಪನಿಯ ಪುಸ್ತಕದ ಬಂಡವಾಳ 320 ಕೋಟಿ ಇದೆ ಅಂದುಕೊಳ್ಳಿ. ಅನುಪಾತ 0.625 ಆಗಿ, ಸಾಲ ಕಳೆದ ಬೀಟಾ 0.78ಕ್ಕೆ ಇಳಿಯುತ್ತದೆ. ಮತ್ತೆ ಏರಿಸಿದರೆ 1.66, ಅಂದರೆ 17%. ವ್ಯವಹಾರದಲ್ಲಿ ಏನೂ ಬದಲಾಗದೆ ಎರಡು ಪರ್ಸೆಂಟಿಗಿಂತ ಹೆಚ್ಚು ಮಾಯ. ದಿನದ ಏರಿಳಿತದ ಚಿಂತೆಯಿದ್ದರೆ, ಬೀಟಾ ಯಾವ ಅವಧಿಯದೋ ಆ ಅವಧಿಯ ಸರಾಸರಿ ಮಾರ್ಕೆಟ್ ಕ್ಯಾಪ್ ತೆಗೆದುಕೊಳ್ಳಿ.

ಕುಮಟಾದಿಂದ: ಈಗ ತಲೆಗೆ ಹೋಯ್ತು. ನಮ್ಮದು ಪಾರ್ಟ್ನರ್‌ಶಿಪ್ ಫರ್ಮ್, ಟ್ಯಾಕ್ಸ್ 30 ಮತ್ತೆ ಸೆಸ್, 31.2 ಆಗುತ್ತೆ. ಆಗಲೂ 25.17 ಹಾಕಬೇಕಾ?

ಶಿರಸಿಯಿಂದ: ಇಳಿಸುವಾಗ ಕಂಪನಿಯ ಟ್ಯಾಕ್ಸ್, ಏರಿಸುವಾಗ ನಿಮ್ಮದು. ಕಾರವಾರದವರು ಫರ್ಮ್ ಮಾಡಿದರೆ 2.06 ಇದ್ದದ್ದು 1.97 ಆಗುತ್ತದೆ. ದೊಡ್ಡ ವ್ಯತ್ಯಾಸವಲ್ಲ.

ಹೊನ್ನಾವರದಿಂದ: ನನಗೆ 2.06 ಮೇಲೇ ಅನುಮಾನ. ಆ ಸೂತ್ರ ಬ್ಯಾಂಕಿಗೆ ಅಪಾಯವೇ ಇಲ್ಲ ಅಂತ ಹಿಡಿಯುತ್ತದೆ. 20% ಸಾಲದ ದೊಡ್ಡ ಕಂಪನಿಗೆ ಅದು ನಡೆಯುತ್ತದೆ. 60% ಸಾಲದ ಹೊಸ ಘಟಕದಲ್ಲಿ ಅಪಾಯದ ಒಂದು ಪಾಲು ಬ್ಯಾಂಕಿನ ಮೇಲೂ ಬೀಳುತ್ತದೆ, ಅದಕ್ಕೇ 7ರ ಬದಲು 10 ಕೇಳುತ್ತಾರೆ. ಆ 3% ಅನ್ನು ಬಡ್ಡಿಯಲ್ಲೂ ಕೊಟ್ಟು, ಪೂರ್ತಿ ಅಪಾಯವನ್ನು ಸ್ವಂತ ಬಂಡವಾಳದ ಮೇಲೂ ಹೇರಿದರೆ ಒಂದೇ ಅಪಾಯಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ. ನಾನು ಸಾಲಕ್ಕೂ 0.25 ಬೀಟಾ ಕೊಡುತ್ತೇನೆ: 0.97 + (0.97 − 0.25) × 0.748 × 1.5 = 1.78. ಪ್ರತಿಫಲ 17.7%.

ಶಿರಸಿಯಿಂದ: ತತ್ವ ಒಪ್ಪಿದೆ, ನಾನೇ ಹೇಳಬೇಕಿತ್ತು. ಆದರೆ ಆ 0.25 ಎಲ್ಲಿಂದ ಬಂತು? 3% ಅನ್ನು 6ರಿಂದ ಭಾಗಿಸಿದರೆ 0.5 ಬರುತ್ತದೆ. ಅದರಲ್ಲಿ ಒಂದಿಷ್ಟು ಬ್ಯಾಂಕಿನ ಖರ್ಚು, ಒಂದಿಷ್ಟು ವಸೂಲಾಗದ ಸಾಲಗಳ ನಷ್ಟ. ಉಳಿದದ್ದು ಮಾತ್ರ ಬೀಟಾ. ಅದು ಅರ್ಧ ಅಂತ ನೀವು ಹಿಡಿದಿರಿ, ಮೂರನೇ ಒಂದು ಪಾಲು ಅಂತ ನಾನು ವಾದಿಸಬಹುದು.

ಹೊನ್ನಾವರದಿಂದ: ಸೊನ್ನೆ ಅಂತೂ ಅಲ್ಲ. ಗೊತ್ತಿದ್ದೂ ಸೊನ್ನೆ ಹಾಕೋದಕ್ಕಿಂತ ಅರ್ಧ ಮೇಲು.

ಅಂಕೋಲಾದಿಂದ: ಅದೆಲ್ಲ ಸರಿ, ಆದರೆ ಸಿಗಡಿ ಕಂಪನಿ ಬೀಟಾ ಬಂಗಡೆ ಘಟಕಕ್ಕೆ ಹೇಗೆ ಹೊಂದುತ್ತೆ? ಅವರದು ಕೆರೆಯಲ್ಲಿ ಸಾಕಿದ ಸಿಗಡಿ, ಹೊರದೇಶದ ಗಿರಾಕಿ. ನಮ್ಮದು ಕಡಲು ಕೊಟ್ಟಷ್ಟು.

ಶಿರಸಿಯಿಂದ: ಇದು ಒಳ್ಳೆಯ ಪ್ರಶ್ನೆ. ಈ ಲೆಕ್ಕ ಸಾಲದ ವ್ಯತ್ಯಾಸವನ್ನಷ್ಟೇ ತೆಗೆಯುತ್ತದೆ, ವ್ಯವಹಾರದ ವ್ಯತ್ಯಾಸ 0.97ರ ಒಳಗೇ ಉಳಿಯುತ್ತದೆ. ಆದರೆ ಬಂದ್ ಇರುವ ಎರಡು ತಿಂಗಳಿಗೆ, ಮೀನು ಕಡಿಮೆಯಾಗುವ ವರ್ಷಕ್ಕೆ ಅಂತ ಬೀಟಾ ಏರಿಸಬೇಡಿ. ಅವು ದೇಶದ ಶೇರು ಮಾರುಕಟ್ಟೆಯ ಜೊತೆ ಏರಿಳಿಯುವ ಅಪಾಯಗಳಲ್ಲ. ಅವನ್ನು ವರ್ಷವರ್ಷದ ಆದಾಯದಲ್ಲೇ ಕಡಿಮೆ ಮಾಡಿ ತೋರಿಸಿ. ಬೀಟಾ ಏರಿಸಲು ಕಾರಣವಿದ್ದರೆ ಅದು ನಿಮ್ಮ ಸ್ಥಿರ ಖರ್ಚು. ಯಂತ್ರಗಳಿಗೆ ಸರಕು ಇರಲಿ ಬಿಡಲಿ ಕರೆಂಟ್ ಡಿಮಾಂಡ್ ಚಾರ್ಜು, ಸಂಬಳ ನಿಲ್ಲುವುದಿಲ್ಲ. ಬೇಡಿಕೆ ಕುಸಿದ ವರ್ಷ ಲಾಭ ಅದಕ್ಕಿಂತ ಜೋರಾಗಿ ಕುಸಿಯುತ್ತದೆ.

ಇನ್ನೊಂದು ಮಾತು ಕಾರವಾರದವರಿಗೆ. ನಿಮ್ಮ ಟರ್ಮ್ ಲೋನ್ ವರ್ಷ ವರ್ಷ ತೀರುತ್ತಾ ಹೋಗುತ್ತದೆ. 1.5 ಇರುವುದು ಮೊದಲ ದಿನ ಮಾತ್ರ. 2.06 ಆಗಲಿ 1.78 ಆಗಲಿ, ಒಂದೇ ಬೀಟಾವನ್ನು ಎಲ್ಲಾ ವರ್ಷಕ್ಕೂ ಹಾಕಿದರೆ ಕೊನೆಯ ವರ್ಷಗಳ ಹಣವನ್ನು ವಿನಾಕಾರಣ ಕುಗ್ಗಿಸುತ್ತೀರಿ. ರಿಲೆವರ್ ಮಾಡುವುದನ್ನೇ ಬಿಟ್ಟು, 0.97ರಿಂದ ಬರುವ 12.8% ದರದಲ್ಲಿ ಘಟಕದ ಆದಾಯವನ್ನು ಇಂದಿನ ಬೆಲೆಗೆ ತನ್ನಿ. ಬಡ್ಡಿಯಿಂದ ಆಗುವ ಟ್ಯಾಕ್ಸ್ ಉಳಿತಾಯವನ್ನು ಪ್ರತಿ ವರ್ಷದ ಬಾಕಿ ಸಾಲದ ಮೇಲೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ.

ಕಾರವಾರದಿಂದ: ಹಾಗೇ ಮಾಡಿದೆ. ನಿನ್ನೆ 15.5%ಕ್ಕೆ ಲಾಭದಲ್ಲಿ ಕಂಡ ಘಟಕ 19.4%ಕ್ಕೆ ನಷ್ಟ ತೋರಿಸಿತ್ತು. 12.8% ದಾರಿಯಲ್ಲಿ ಸಾಲ ತೀರುವುದೂ ಸೇರಿ ಸಣ್ಣ ಲಾಭ ಉಳಿಯುತ್ತದೆ. ಆದರೆ ಟ್ಯಾಕ್ಸ್ ಉಳಿತಾಯವನ್ನು ಇಂದಿನ ಬೆಲೆಗೆ ತರಲಿಕ್ಕೆ 10% ಹಾಕಲೋ 12.8% ಹಾಕಲೋ? ತಂಗಿ 10 ಅನ್ನುತ್ತಿದ್ದಾಳೆ.

ಹೊನ್ನಾವರದಿಂದ: ಕಂತಿನ ಪಟ್ಟಿ ನಿಗದಿಯಾಗಿದ್ದರೆ 10.

ಶಿರಸಿಯಿಂದ: ಲಾಭ ಬಂದ ವರ್ಷ ಮಾತ್ರ ಆ ಉಳಿತಾಯ ಕೈಗೆ ಸಿಗುವುದು, ಹಾಗಾಗಿ ನಾನು 12.8ರ ಕಡೆ. ಎರಡರಲ್ಲೂ ಹಾಕಿ ನೋಡಿ, ಯಾವುದರಲ್ಲಾದರೂ ಆ ಸಣ್ಣ ಲಾಭ ಮಾಯವಾದರೆ ಇಲ್ಲಿ ಬರೆಯಿರಿ.