ದುಂಡು ಮುಖ, ದಪ್ಪ ಕೂದಲು: ಸೈಡ್‌ನಲ್ಲಿ ಎಷ್ಟು ಬಿಡಬೇಕು?

ಬದಿಯಡ್ಕದ ಹುಡುಗ:
ನನಗೆ 26 ವರ್ಷ. ಮುಖ ದುಂಡಗೆ ಉಂಟು. ಕೂದಲು ದಪ್ಪ, ಒರಟು, ಪೂರಾ ನೇರ. ಕಟಿಂಗ್ ಮಾಡಿಸಿದ ದಿನ ಚೆನ್ನಾಗಿರುತ್ತದೆ. ಹತ್ತು ದಿನ ಆಗುವಾಗ ಕಿವಿಯ ಮೇಲಿನ ಕೂದಲು ಎರಡೂ ಕಡೆ ಅಡ್ಡಕ್ಕೆ ನಿಲ್ಲುತ್ತದೆ, ಮುಖ ಇನ್ನೂ ಅಗಲ ಕಾಣುತ್ತದೆ. ಯಾವಾಗಲೂ ಸೈಡ್‌ಗೆ ಮೆಷಿನ್‌ನ ನಾಲ್ಕನೇ ನಂಬರ್, ಮೇಲೆ ಕತ್ತರಿ. ಮುಂದಿನ ತಿಂಗಳ ಕೊನೆಗೆ ಅಕ್ಕನ ಮದುವೆ. ಯಾವ ಕಟ್ ಮಾಡಿಸಲಿ?

ಉಪ್ಪಳ ಬುಲೆಟ್:
ಥಿನ್ನಿಂಗ್ ಮಾಡಿಸಿ. ಹಲ್ಲು ಇರುವ ಕತ್ತರಿ ಉಂಟಲ್ಲ, ಅದರಲ್ಲಿ ಎರಡೂ ಸೈಡ್ ಚೆನ್ನಾಗಿ ತೆಗೆಸಿ. ಕೂದಲು ದಪ್ಪ ಇರುವುದೇ ಸಮಸ್ಯೆ. ಅರ್ಧ ಕೂದಲು ಹೋದರೆ ತಲೆ ಹಗುರ, ಸೈಡ್ ತನ್ನಷ್ಟಕ್ಕೆ ಕೂರುತ್ತದೆ. ನಾನು ಕಾಲೇಜಿನಿಂದ ಹಾಗೇ ಮಾಡಿಸುತ್ತಿದ್ದೇನೆ.

ಕುಂಬಳೆ ಕತ್ತರಿ:
ನಾನು 22 ವರ್ಷದಿಂದ ಈ ಕೆಲಸದಲ್ಲೇ ಇರುವವನು. ಥಿನ್ನಿಂಗ್ ಬಗ್ಗೆ ಅರ್ಧ ಒಪ್ಪುತ್ತೇನೆ. ನೆತ್ತಿಯ ಉದ್ದ ಕೂದಲಿನ ತುದಿ ಕಡೆಗೆ ಹಾಕಿದರೆ ಒಳ್ಳೆಯದೇ. ಆದರೆ ಕಿವಿಯ ಮೇಲೆ, ಬುಡದ ಹತ್ತಿರ ಹಾಕಿದರೆ ಏನಾಗುತ್ತದೆ ನೋಡಿ. ಉದ್ದ ಕೂದಲಿನ ನಡುವೆ ನೂರಾರು ಗಿಡ್ಡ ತುಂಡು ಉಳಿಯುತ್ತವೆ. ಮೆತ್ತನೆ ಕೂದಲಾದರೆ ಅವು ಮಲಗುತ್ತವೆ. ಒರಟು ಕೂದಲಿನಲ್ಲಿ ಅವು ನೆಟ್ಟಗೆ ನಿಂತು, ಮೇಲಿನ ಉದ್ದ ಕೂದಲನ್ನು ಹೊರಗೆ ದೂಡುತ್ತವೆ. ಮೊದಲ ದಿನ ಹಗುರ ಅನಿಸುತ್ತದೆ. ಎರಡು ಮೂರು ವಾರಕ್ಕೆ ಮೊದಲಿಗಿಂತ ಜಾಸ್ತಿ ಉಬ್ಬುತ್ತದೆ.

ಬದಿಯಡ್ಕದವರೇ, ನಿಮ್ಮದು ದಪ್ಪದ ಸಮಸ್ಯೆಗಿಂತ ಉದ್ದದ ಸಮಸ್ಯೆ. ಹಿಡಿಸೂಡಿಯ ಕಡ್ಡಿ ಒಂದನ್ನು ನೆನೆಸಿಕೊಳ್ಳಿ. ಪೂರ್ತಿ ಉದ್ದದ ಕಡ್ಡಿಯನ್ನು ಅಡ್ಡಕ್ಕೆ ಹಿಡಿದರೆ ತುದಿ ಬಾಗಿ ಕೆಳಗೆ ಬರುತ್ತದೆ. ಅದನ್ನೇ ಒಂದು ಗೇಣಿಗೆ ಮುರಿದು ಹಿಡಿಯಿರಿ, ಸ್ವಲ್ಪವೂ ಬಾಗುವುದಿಲ್ಲ. ಸೈಡ್‌ನ ಕೂದಲು ಹುಟ್ಟುವುದೇ ಹೊರಗೆ ಮುಖ ಮಾಡಿ. ಕೆಳಗೆ ಬೀಳಬೇಕಾದರೆ ತನ್ನ ಭಾರಕ್ಕೆ ಬಾಗುವಷ್ಟು ಉದ್ದ ಇರಬೇಕು. ಇಲ್ಲದಿದ್ದರೆ ನಿಂತರೂ ಕಾಣದಷ್ಟು ಗಿಡ್ಡ ಇರಬೇಕು. ನಡುವಿನ ಉದ್ದವೇ ಉಪದ್ರ.

ನಾಲ್ಕನೇ ನಂಬರ್ ಅಂದರೆ ಸುಮಾರು 12 ಮಿಲಿಮೀಟರ್. ಕೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಹತ್ತು ದಿನಕ್ಕೆ ನಿಮ್ಮದು 16 ಆಯಿತು. ಅಂದರೆ ನೀವು ಕುರ್ಚಿಯಿಂದ ಏಳುವಾಗಲೇ ಆ ನಡುವಿನ ಉದ್ದದ ಬಾಗಿಲಲ್ಲಿ ಇದ್ದೀರಿ.

ಮುಳ್ಳೇರಿಯ ಅಕ್ಕ:
ನನ್ನದೂ ಇದೇ ಕಥೆ ತಂಗಿ. ದುಂಡು ಮುಖ, ತೆಂಗಿನ ನಾರಿನಂಥ ಕೂದಲು. ಗದ್ದದವರೆಗೆ ಬಾಬ್ ಕಟ್ ಮಾಡಿಸಿದೆ, ತುದಿ ಒಂದೇ ಸಮ. ಕೆನ್ನೆಯ ಹತ್ತಿರ ಎರಡೂ ಕಡೆ ಗೋಪುರದ ಹಾಗೆ ಅಗಲ ಆಯಿತು. ಎಂಟು ತಿಂಗಳು ಬಿಟ್ಟು ಭುಜದ ಕೆಳಗೆ ಬಂದ ಮೇಲೆ ತನ್ನಷ್ಟಕ್ಕೆ ಮಲಗಿತು. ಈಗ ಬೈತಲೆ ಸ್ವಲ್ಪ ಬದಿಗೆ ತೆಗೆಯುತ್ತೇನೆ. ಗದ್ದದವರೆಗೆ ಮಾತ್ರ ಕತ್ತರಿಸಬೇಡಿ.

ಪೆರ್ಲದವ:
ಅಕ್ಕಾ, ಕೇಳಿದ್ದು ಹುಡುಗ. 😊

ಮುಳ್ಳೇರಿಯ ಅಕ್ಕ:
ಹೌದಲ್ವಾ, ಗಡಿಬಿಡಿಯಲ್ಲಿ ಹೆಸರು ನೋಡಲಿಲ್ಲ. ಆದರೆ ಕುಂಬಳೆಯವರು ಹೇಳಿದ ಕಡ್ಡಿಯ ಮಾತು ನನ್ನ ಕೂದಲಿಗೂ ಸರಿಯೇ ಆಯಿತು.

ಪೆರ್ಲದವ:
ನನ್ನ ಪ್ರಕಾರ ನೇರ ಸ್ಕಿನ್ ಫೇಡ್ ಮಾಡಿಸುವುದು ಒಳ್ಳೆಯದು. ಸೈಡ್‌ನಲ್ಲಿ ಕೂದಲೇ ಇಲ್ಲದಿದ್ದರೆ ನಿಲ್ಲುವುದು ಎಂತದು? ಮೇಲೆ ಎತ್ತರ ಬಿಟ್ಟರೆ ಮುಖ ಉದ್ದ ಕಾಣುತ್ತದೆ.

ಕುಂಬಳೆ ಕತ್ತರಿ:
ಕೆಲವರಿಗೆ ಒಪ್ಪುತ್ತದೆ. ಕಪ್ಪು, ದಪ್ಪ ಕೂದಲಿಗೆ ಚರ್ಮದವರೆಗೆ ತೆಗೆದರೆ ಮೇಲೆ ಪೂರಾ ಕಪ್ಪು, ಕೆಳಗೆ ಪೂರಾ ಬೆಳ್ಳಗೆ. ದುಂಡು ಮುಖದಲ್ಲಿ ಕೆನ್ನೆ ಮತ್ತು ಬೋಳು ಸೈಡ್ ಒಂದಕ್ಕೊಂದು ಸೇರಿ ಕೆನ್ನೆ ಇನ್ನೂ ಮೇಲಕ್ಕೆ ಹೋದ ಹಾಗೆ ಕಾಣುತ್ತದೆ. ಮತ್ತೆ ಒಂದು ವಾರಕ್ಕೆ ಆ ಹೊಳಪು ಹೋಗುತ್ತದೆ. ನಾನು ಎರಡನೇ ನಂಬರ್‌ಗೆ ನಿಲ್ಲಿಸುತ್ತೇನೆ, ಅಂದರೆ 6 ಮಿಲಿಮೀಟರ್. ಕೃದಾದ ತುದಿ ಮತ್ತು ಕುತ್ತಿಗೆಯ ಹತ್ತಿರ ಮಾತ್ರ ಒಂದನೇ ನಂಬರ್. ಮದುವೆ ಮನೆಯಲ್ಲಿ ಹಿರಿಯರ ಕಣ್ಣಿಗೂ ಅದು ಚಂದ.

ಆದರೆ ನಂಬರ್‌ಗಿಂತ ದೊಡ್ಡ ವಿಷಯ ಮೂಲೆ. ತಲೆಯ ಬದಿ ಗೋಡೆ, ನೆತ್ತಿ ಮಾಡು ಅಂತ ಇಟ್ಟುಕೊಳ್ಳಿ. ಗೋಡೆ ಮಾಡಿಗೆ ತಿರುಗುವ ಜಾಗದಲ್ಲಿ ಕೂದಲು ಎಲ್ಲಕ್ಕಿಂತ ಹೊರಗೆ ನಿಲ್ಲುತ್ತದೆ. ಬಾಚಣಿಗೆಯನ್ನು ಕಿವಿಯ ಮೇಲೆ ನೆಟ್ಟಗೆ, ತಲೆಗೆ ತಾಗಿಸಿ ಹಿಡಿಯಿರಿ. ಬಾಚಣಿಗೆ ತಲೆಯನ್ನು ಬಿಡುವ ಜಾಗವೇ ಆ ಮೂಲೆ. ಹೆಚ್ಚಿನವರು ಮೆಷಿನ್ ಅನ್ನು ಅದಕ್ಕಿಂತ ಎರಡು ಬೆರಳು ಕೆಳಗೇ ನಿಲ್ಲಿಸುತ್ತಾರೆ. ಆಗ ಮೂಲೆಯಲ್ಲಿ ಎರಡು ಮೂರು ಸೆಂಟಿಮೀಟರ್ ಕೂದಲು ಛತ್ರಿ ಹಾಗೆ ಹೊರಗೆ ಬರುತ್ತದೆ. ನಿಮ್ಮ ತಲೆಯಲ್ಲೂ ಅದೇ ಆಗಿರಬೇಕು. ಮೆಷಿನ್ ಮೂಲೆಯವರೆಗೆ ಹೋಗಬೇಕು, ಅಲ್ಲಿಂದ ಮುಂದೆ ತಲೆಯ ದುಂಡಿಗೆ ಬಗ್ಗದೆ ನೆಟ್ಟಗೆ ಮೇಲಕ್ಕೆ ಹೋಗಬೇಕು. ಬಾಚಣಿಗೆಯ ಮೇಲೆ ಮೆಷಿನ್ ಓಡಿಸಿದರೆ ಅದು ಸಾಧ್ಯ. ಆಗ ಎದುರಿನಿಂದ ನೋಡಿದರೆ ಸೈಡ್ ನೇರ ಗೆರೆ, ಮೇಲೆ ಸ್ವಲ್ಪ ಚೌಕ. ದುಂಡು ಮುಖಕ್ಕೆ ಬೇಕಾದ್ದು ಅದೇ. ಮೇಲೆ ಮುಂದುಗಡೆ 5 ಸೆಂಟಿಮೀಟರ್, ಹಿಂದೆ ಹೋದ ಹಾಗೆ 4 ಸಾಕು.

ನನ್ನ ಹತ್ತಿರ ಬರುವ ಒಬ್ಬ ಹುಡುಗನದ್ದು ನಿಮ್ಮಂಥದೇ ತಲೆ. ಮೊದಲು ಬಂದಾಗ ಸೈಡ್ ಪೂರಾ ಥಿನ್ನಿಂಗ್ ಆಗಿತ್ತು. ಬೆರಳು ಹಾಕಿ ಎತ್ತಿದರೆ ಒಳಗೆ ಗಿಡ್ಡ ತುಂಡು, ಹೊರಗೆ ಉದ್ದ. ಎಲ್ಲವನ್ನೂ ಎರಡನೇ ನಂಬರ್‌ಗೆ ಇಳಿಸಿದೆ. ಮೂರು ವಾರಕ್ಕೆ ಅದು 14 ಆಯಿತು, ಮೂಲೆಯಲ್ಲಿ ಮತ್ತೆ ಏಳಲು ಶುರು. ಆ ದಿನ ಸೈಡ್ ಮಾತ್ರ ತೆಗೆದೆ, ಮೇಲೆ ಮುಟ್ಟಲಿಲ್ಲ. ಈಗ ಅವನು ಮೂರು ವಾರಕ್ಕೊಮ್ಮೆ ಬಂದು ಸೈಡ್ ತೆಗೆಸುತ್ತಾನೆ, ಮೇಲಿನದು ಒಂದು ಸಲ ಬಿಟ್ಟು ಒಂದು ಸಲ. ಖರ್ಚು ಸ್ವಲ್ಪ ಜಾಸ್ತಿ, ಅದನ್ನು ಮೊದಲೇ ಹೇಳುತ್ತೇನೆ.

ವಿದ್ಯಾನಗರ 98:
ಯಾರೂ ಡೌನ್ ಪರ್ಮ್ ಬಗ್ಗೆ ಹೇಳಲಿಲ್ಲ. ನಾನು ಮಂಗಳೂರಿನಲ್ಲಿ ಮಾಡಿಸಿದ್ದೆ. ಸೈಡ್‌ಗೆ ಲೋಶನ್ ಹಚ್ಚಿ, ಕೂದಲನ್ನು ತಲೆಗೆ ಒತ್ತಿ ಪಟ್ಟಿ ಕಟ್ಟಿ ಕೂರಿಸುತ್ತಾರೆ. ಆಮೇಲೆ ಕೂದಲು ಪೂರಾ ಚಪ್ಪಟೆ. ಒಂದು ತಿಂಗಳು ತುಂಬಾ ಖುಷಿಯಾಗಿದ್ದೆ. ಮತ್ತೆ ಬುಡದಿಂದ ಹೊಸ ಕೂದಲು ಬಂದು, ಮಲಗಿದ ಕೂದಲನ್ನೇ ಎತ್ತಿ ಹಿಡಿಯಿತು. ಎರಡನೇ ಸಲ ಮಾಡಿಸಿದ್ದು ಬೇರೆ ಅಂಗಡಿಯಲ್ಲಿ. ಲೋಶನ್ ಚರ್ಮಕ್ಕೆ ತಾಗಿ ಕಿವಿಯ ಹಿಂದೆ ನಾಲ್ಕು ದಿನ ಕೆಂಪಾಗಿ ಉರಿಯಿತು.

ಉಪ್ಪಳ ಬುಲೆಟ್:
ಅದನ್ನು ಮನೆಯಲ್ಲೇ ಸ್ಟ್ರೇಟ್ನಿಂಗ್ ಕ್ರೀಮ್ ತಂದು ಮಾಡಬಹುದಲ್ವಾ?

ವಿದ್ಯಾನಗರ 98:
ದಯವಿಟ್ಟು ಬೇಡ. ಅದು ಕೂದಲಿನ ಒಳಗಿನ ಗಟ್ಟಿಯನ್ನೇ ಸಡಿಲ ಮಾಡುವ ಔಷಧ. ಹೊತ್ತು ಮೀರಿದರೆ ಕೂದಲು ಮುರಿಯುತ್ತದೆ. ಮುರಿದರೆ ಮತ್ತೆ ಗಿಡ್ಡ ತುಂಡು, ಮತ್ತೆ ಅದೇ ಗೋಳು. ಮದುವೆಯ ಹತ್ತಿರ ಮೊದಲ ಸಲ ಮಾಡಿಸುವುದೂ ಬೇಡ.

ಬದಿಯಡ್ಕದ ಹುಡುಗ:
ಎಲ್ಲರಿಗೂ ಧನ್ಯವಾದ. ಬಾಚಣಿಗೆ ಹಿಡಿದು ನೋಡಿದೆ. ಮೂಲೆಯ ಕೆಳಗೆ ಎರಡೂವರೆ ಬೆರಳಿನಷ್ಟು ಜಾಗಕ್ಕೆ ಮೆಷಿನ್ ತಾಗಿಯೇ ಇಲ್ಲ! ಇನ್ನು ಎರಡು ಪ್ರಶ್ನೆ. ಮುಂದೆ ಹಣೆಯ ಮೇಲೆ ಕೂದಲು ಬಿಡಬಹುದಾ? ನಮ್ಮ ಅಂಗಡಿಯವರಿಗೆ ಮಲಯಾಳ ಮಾತ್ರ ಬರುವುದು, ಈ ಮೂಲೆಯನ್ನು ಹೇಗೆ ಹೇಳಲಿ?

ಪೆರ್ಲದವ:
"ಮೇಲೆ ಅಧಿಕಂ ಎಡುಕ್ಕಂಡ" ಅನ್ನಿ, ಮೇಲೆ ಹೆಚ್ಚು ತೆಗೆಯುವುದಿಲ್ಲ. ಮೂಲೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿ. ಸ್ಟೈಲ್‌ನ ಹೆಸರು ಹೇಳಬೇಡಿ. ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥ.

ಕುಂಬಳೆ ಕತ್ತರಿ:
ಹೌದು, ಮುಟ್ಟಿ ತೋರಿಸುವುದೇ ಸರಿ. ಕೂದಲು ಒಣಗಿರುವಾಗ ಹೋಗಿ. ಒದ್ದೆ ಕೂದಲು ಸುಳ್ಳು ಹೇಳುತ್ತದೆ, ಎಲ್ಲವೂ ಮಲಗಿದ ಹಾಗೆ ಕಾಣುತ್ತದೆ. ಹಣೆಯ ಮೇಲೆ ಅಡ್ಡಕ್ಕೆ ಒಂದೇ ಗೆರೆ ಬಿಡಬೇಡಿ, ಮುಖದ ಎತ್ತರ ಕಡಿಮೆಯಾಗಿ ಇನ್ನೂ ದುಂಡಗೆ ಕಾಣುತ್ತದೆ. ಓರೆಯಾಗಿ ಒಂದು ಬದಿಗೆ, ಅರ್ಧ ಹಣೆ ಕಾಣುವ ಹಾಗೆ ಆದರೆ ಆಗಬಹುದು.

ವಿದ್ಯಾನಗರ 98:
ಇದನ್ನು ಒಪ್ಪುವುದಿಲ್ಲ. ನನ್ನದೂ ದುಂಡು ಮುಖ. ಹಣೆ ಅಗಲ ಇರುವುದರಿಂದ ಮುಂದೆ ಪೂರಾ ಬಿಟ್ಟಿದ್ದೇನೆ, ತುದಿ ಮಾತ್ರ ಹರಿದ ಹಾಗೆ ಮಾಡಿಸಿದ್ದೇನೆ. ಅದೇ ಚೆನ್ನಾಗಿ ಒಪ್ಪುತ್ತದೆ.

ಕುಂಬಳೆ ಕತ್ತರಿ:
ಹಣೆ ನೋಡದೆ ನಾನೂ ಹಟ ಮಾಡುವುದಿಲ್ಲ. ಬದಿಯಡ್ಕದವರು ಈಗಲೇ ಒಮ್ಮೆ ಮಾಡಿಸಲಿ, ಸರಿಯಾಗದಿದ್ದರೆ ತಿದ್ದಲು ಸಮಯ ಉಂಟು. ಮದುವೆಗೆ ನಾಲ್ಕು ದಿನ ಮೊದಲು ಸೈಡ್ ಮಾತ್ರ ಮತ್ತೊಮ್ಮೆ.

ಬದಿಯಡ್ಕದ ಹುಡುಗ:
ನಿನ್ನೆ ಮಾಡಿಸಿದೆ. ಸೈಡ್ ಎರಡನೇ ನಂಬರ್, ಮೂಲೆಯವರೆಗೆ. ಅಮ್ಮ ನೋಡಿದ ಕೂಡಲೇ ತೆಳ್ಳಗಾದ ಹಾಗೆ ಕಾಣುತ್ತೀ ಅಂದರು. ತುಂಬಾ ಖುಷಿಯಾಯಿತು. ಒಂದೇ ಬೇಸರ, ಹಿಂದೆ ಸುಳಿಯ ಹತ್ತಿರ ಒಂದು ಜೊಂಪೆ ನೆಟ್ಟಗೆ ನಿಂತಿದೆ.

ಕುಂಬಳೆ ಕತ್ತರಿ:
ಸುಳಿಯಲ್ಲಿ ಗಿಡ್ಡ ತೆಗೆದಿದ್ದಾರೆ. ಅಲ್ಲಿ ಸುತ್ತಲಿನದಕ್ಕಿಂತ ಅರ್ಧ ಇಂಚು ಉದ್ದ ಬಿಡಬೇಕಿತ್ತು. ಮುಂದಿನ ಎರಡು ಸಲ ಆ ಜಾಗ ಮುಟ್ಟಿಸಬೇಡಿ. ಮದುವೆಯ ದಿನ ಬುಡದವರೆಗೆ ಒದ್ದೆ ಮಾಡಿ, ಸುಳಿ ತಿರುಗಿದ ಕಡೆಗೇ ಬಾಚಿ, ಬೈರಾಸು ಬಿಗಿಯಾಗಿ ಕಟ್ಟಿ ಪೂರ್ತಿ ಒಣಗುವವರೆಗೆ ಬಿಡಿ. ಒದ್ದೆ ಕೂದಲು ಯಾವ ಭಂಗಿಯಲ್ಲಿ ಒಣಗುತ್ತದೋ ಅದೇ ಭಂಗಿ ಹಿಡಿಯುತ್ತದೆ. ಬೆವರಿದರೆ ಮತ್ತೆ ಏಳುತ್ತದೆ, ಹಾಗಾಗಿ ಊಟದ ಪಂಕ್ತಿಗೆ ಬಡಿಸಲು ಹೋಗುವ ಮೊದಲು ಫೋಟೋ ತೆಗೆಸಿಕೊಳ್ಳಿ.